ಕೊಡದೆ ಉಳಿದ ಮೂರನೆಯ ಕಲಂ

ಉಡುಪಿಯ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ. ಪರೀಕ್ಷೆಗೆಂದು ಗಣಿತದ ರಿಯಲ್ ಅನಾಲಿಸಿಸ್‌ ಪತ್ರಿಕೆಯ ಒಂದೊಂದು ಪ್ರೂಫನ್ನೂ ನಾನು ಒಂದೊಂದು ಹಾಳೆಗೆ ಇಳಿಸಿದ್ದೆ. ಹಾಳೆಗೆ ಮೂರು ಕಲಂ: ಮುಖ್ಯ ಉಪಾಯ, ಹಂತಗಳು, ಜಾರುವ ಜಾಗ. ಕಟಪಾಡಿಯಿಂದ ಬರುತ್ತಿದ್ದ ಗೆಳತಿ ಅದರ ನಕಲು ಕೇಳಿದಳು. ಅಂಕಗಳಲ್ಲಿ ಅವಳು ಯಾವಾಗಲೂ ನನಗಿಂತ ಮುಂದೆ. ಮೊದಲ ಎರಡು ಕಲಂ ಮಾತ್ರ ಬರೆದುಕೊಟ್ಟು, "ಇಷ್ಟೇ ಉಂಟು" ಎಂದೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಕೊಡಲು ಈಗಲೂ ಮನಸ್ಸಿಲ್ಲ.

ಮುಚ್ಚಿದ, ಅಂದರೆ ಎರಡೂ ತುದಿ ಸೇರಿದ ಇಂಟರ್ವಲ್‌ನಲ್ಲಿ ಕಂಟಿನ್ಯುಯಸ್ ಆದ ಫಂಕ್ಷನ್ ಮಿತಿ ಮೀರಿ ಬೆಳೆಯುವುದಿಲ್ಲ ಎಂಬ ಪ್ರಮೇಯವೇ ಪರೀಕ್ಷೆಯಲ್ಲಿ ಬಂತು. ತುದಿಗಳು ಸೇರದ ತೆರೆದ ಇಂಟರ್ವಲ್‌ಗೂ ಇದು ಸರಿಯೇ ಎಂದು ಕೊನೆಯಲ್ಲಿ ಕೇಳಿದ್ದರು. ಅಲ್ಲಿ ಸರಿಯಾಗದು, ತುದಿಯ ಬಿಂದು ಇಂಟರ್ವಲ್‌ನ ಹೊರಗೆ ಉಳಿಯುತ್ತದೆ, ಸೊನ್ನೆ ಮತ್ತು ಒಂದರ ನಡುವೆ 1/x ನೋಡು, ಸೊನ್ನೆಯ ಹತ್ತಿರ ಅದು ಮಿತಿಯಿಲ್ಲದೆ ಏರುತ್ತದೆ ಎಂದು ನನ್ನ ಮೂರನೆಯ ಕಲಂನಲ್ಲಿತ್ತು.

ಪರೀಕ್ಷೆ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವಳೆಂದಳು: "ತೆರೆದದ್ದಕ್ಕೂ ಸರಿ ಅಂತಲೇ ಬರೆದೆ ಮಾರಾಯ್ತಿ. ಆಗುವುದಿಲ್ಲ ಅಂತ ನಿನ್ನ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ, ಅಲ್ವಾ?"

"ನಿನ್ನ ಬಸ್ಸು ಬಂತು" ಎಂದೆ. ಬಸ್ಸು ಬಂದಿರಲಿಲ್ಲ.