ಬಾಳಿಕೆಯ ಐದನೆಯ ಗೆರೆ

ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುತ್ತಿದ್ದೆ. ಕೈಗೆ ಬಂದದ್ದು ನಡುವೆ ತೂತಿರುವ ಹಳೆಯ ಪೈಸೆ. ತಳ ಕೆದಕಿದರೆ ಅದರ ಜೊತೆಯ ಇನ್ನೆರಡೂ ಅಲ್ಲೇ ಇದ್ದವು. ಇವರು ಹೊರಗೆ ಜಗಲಿಯಲ್ಲಿ ರೇಡಿಯೋದ ಎದುರು ಕೂತಿದ್ದಾರೆ. ಅಂಗಿಯ ಗುಂಡಿ ಬಿದ್ದಿದೆ ಎಂದು ಬೆಳಿಗ್ಗೆ ಹೇಳಿದರು, ಸರಿ ಅಂದೆ. ಇವತ್ತು ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೆ. ನಿವೃತ್ತರಾದ ಮೇಲೆ ಬೇಕಾದಷ್ಟು ಮಾತಾಡಬಹುದು ಅಂತ ಇಬ್ಬರೂ ಉಳಿಸಿಟ್ಟುಕೊಂಡಿದ್ದ ಮಾತುಗಳು ಎಲ್ಲಿ ಹೋದವೋ ಗೊತ್ತಿಲ್ಲ. ಒಂದೇ ಮನೆಯಲ್ಲಿ ಇಬ್ಬರಿದ್ದೂ ಒಂಟಿಯಾಗಿರುವುದು ಹೇಗೆಂದು ನಿಮಗೂ ಗೊತ್ತಿದ್ದರೆ, ಬನ್ನಿ, ಈ ಪೈಸೆಗಳ ಕಥೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನು ಮೂಡಬಿದ್ರೆಯ ಶಾಲೆಯೊಂದರಲ್ಲಿ ಟೀಚರು, ಇವರು ಬಂಟ್ವಾಳದಲ್ಲಿ ಸರಕಾರಿ ಗುಮಾಸ್ತರು. ಹೊಸ ಮದುವೆ. ಶನಿವಾರದ ಬಸ್ಸಿಗೆ ಬರುವ ಗಂಡ, ಸೋಮವಾರದ ಬಸ್ಸಿಗೆ ಹೋಗುವ ಗಂಡ. ಉಳಿದ ದಿನ ಪಕ್ಕದ ತೋಡಾರಿನ ಬಾಡಿಗೆ ಕೋಣೆಯಲ್ಲಿ ನಾನೂ ನನ್ನ ಸೀಮೆಎಣ್ಣೆ ಸ್ಟೋವೂ. ಅನ್ನ ಹೆಚ್ಚಾದರೆ ಬೇಸರ, ಸರಿಯಾಗಿ ಒಬ್ಬಳಿಗೇ ಆದರೆ ಇನ್ನೂ ಬೇಸರ. ಹಾಗಾಗಿ ಸಂಜೆಯಾದರೆ ಮನೆಯ ಯಜಮಾನ ಸಂಜೀವಣ್ಣನ ಚಾವಡಿಗೆ ಹೋಗಿ ಕೂರುತ್ತಿದ್ದೆ. ಘಟ್ಟದ ಮೇಲಿನವಳಾದ ನನಗೆ ತುಳು ಬಾರದೆಂದು ಆ ಗಂಡಹೆಂಡತಿ ನನ್ನೆದುರು ತಮ್ಮತಮ್ಮೊಳಗೂ ಕನ್ನಡವನ್ನೇ ಆಡುತ್ತಿದ್ದರು.

ಸಂಜೀವಣ್ಣ ಹಡಗುಗಳಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಂಡು ಆಯುಷ್ಯದ ದೊಡ್ಡ ಪಾಲು ಕಳೆದವರು. ಜೊತೆಗಿದ್ದ ಚೀನೀ ಅಡುಗೆಯವನಿಂದ ಒಂದು ವಿದ್ಯೆ ಕಲಿತಿದ್ದರು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಾಣ್ಯ ಎಸೆಯುವುದು, ಬಂದ ಗೆರೆಗಳನ್ನು ಚೀನೀಯರ ಹಳೆಯ ಪುಸ್ತಕವೊಂದರ ಇಂಗ್ಲಿಷ್ ಅನುವಾದ ನೋಡಿ ಓದುವುದು. ಚೀನೀ ನಾಣ್ಯಕ್ಕೂ ನಡುವೆ ತೂತಂತೆ, ಅದಕ್ಕೇ ನಮ್ಮ ಈ ಪೈಸೆಗಳು. ಕಿರೀಟದ ಮಗ್ಗುಲು ಮೇಲಾದರೆ ಮೂರು, ಬಳ್ಳಿಯ ಮಗ್ಗುಲಾದರೆ ಎರಡು. ಮೂರನ್ನೂ ಒಟ್ಟಿಗೆ ಎಸೆದು ಕೂಡಬೇಕು. ಏಳೋ ಒಂಬತ್ತೋ ಬಂದರೆ ಇಡೀ ಗೆರೆ, ಆರೋ ಎಂಟೋ ಬಂದರೆ ನಡುವೆ ಕಡಿದ ಗೆರೆ. ಆರು ಮತ್ತು ಒಂಬತ್ತು ಮಾಗಿದ ಗೆರೆಗಳು, ಅವು ತಮ್ಮ ವಿರುದ್ಧಕ್ಕೆ ತಿರುಗುತ್ತವೆ. ಹೀಗೆ ಆರು ಸಲ ಎಸೆದು, ಗೋಡೆ ಕಟ್ಟುವ ಹಾಗೆ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು.

ಊರವರು ಬಂದು ಕೇಳುತ್ತಿದ್ದರು. ಕೇಳದವರೆಂದರೆ ಅವರ ಹೆಂಡತಿ ಲೀಲಕ್ಕ ಒಬ್ಬರೇ. ಬಂದವರಿಗೆ ಚಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ಗಂಡ ಸಮುದ್ರದ ಮೇಲಿದ್ದಷ್ಟು ವರ್ಷ ಅವರು ಒಬ್ಬರೇ. ಗಂಡ ಮನೆಗೆ ಬಂದು ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತ ಮೇಲೂ ಒಬ್ಬರೇ. ನನಗದು ಆಗ ಕಾಣಲಿಲ್ಲ. ಜೋಡಿಯಾಗಿ ಒಂದೇ ಮನೆಯಲ್ಲಿರುವವರನ್ನು ನೋಡಿ ಹೊಟ್ಟೆಕಿಚ್ಚುಪಡುವುದೇ ನನಗೆ ಆಗ ದೊಡ್ಡ ಕೆಲಸ.

ಒಂದು ಸಂಜೆ ಲೀಲಕ್ಕ ಕೈ ಒರಸಿಕೊಳ್ಳುತ್ತಾ ಬಂದು ಗಂಡನ ಎದುರು ಕೂತರು.

"ನನಗೂ ಒಂದು ಕೇಳ್ಲಿಕ್ಕೆ ಉಂಟು. ಲಾಯಿಲದಲ್ಲಿ ತಂಗಿ ಒಬ್ಬಳೇ ಇದ್ದಾಳೆ, ಬಾ ಅಂತಾಳೆ. ನಾನು ಇಲ್ಲೇ ಇರಬೇಕಾ, ಅಲ್ಲಿಗೆ ಹೋಗಲಾ?"

ನಾನು ಏಳಲು ಹೊರಟೆ. "ಟೀಚರು ಕೂತ್ಕೊಳ್ಳಿ, ಸಾಕ್ಷಿಗೆ ಒಬ್ಬರು ಬೇಕು" ಎಂದರು ಲೀಲಕ್ಕ. ಸಂಜೀವಣ್ಣ ಪೈಸೆಗಳನ್ನು ಅವರ ಕೈಗೆ ಕೊಟ್ಟರು.

ಮೊದಲು ಎಂಟು. ಆಮೇಲೆ ಏಳು, ಏಳು, ಏಳು. ಐದನೆಯ ಸಲ ಮೂರರಲ್ಲೂ ಬಳ್ಳಿಯೇ ಮೇಲೆ, ಅಂದರೆ ಆರು. ಕೊನೆಗೆ ಮತ್ತೆ ಎಂಟು. ಗೆರೆ ಎಳೆದು ಮುಗಿಸಿದ ಸಂಜೀವಣ್ಣನ ಮುಖ ಅರಳಿತು.

"ಈ ಚಿತ್ರದ ಚೀನೀ ಹೆಸರು ಹೆಂಗ್, ಅಂದರೆ ಬಾಳಿಕೆ. ದೀರ್ಘ ದಾಂಪತ್ಯದ ಚಿತ್ರವೇ ಇದು. ಕೆಳಗಿನ ಮೂರು ಗೆರೆ ಗಾಳಿ, ಮನೆಯ ಹಿರಿಮಗಳು. ಮೇಲಿನ ಮೂರು ಗುಡುಗು, ಹಿರಿಮಗ."

"ಗಾಳಿ, ಗುಡುಗು ಎರಡೂ ನಿಂತಲ್ಲಿ ನಿಲ್ಲುವುದಿಲ್ಲವಲ್ಲ? ಬಾಳಿಕೆ ಹೇಗಾಯಿತು?" ಎಂದೆ ನಾನು. ಬಾಳಿಕೆಯೆಂದರೆ ಗೋಂದು ಹಚ್ಚಿ ಅಂಟಿಸಿದ ಹಾಗೆ ಇರಬೇಕೆಂದು ನನ್ನ ಲೆಕ್ಕ.

"ಅದೇ ವಿಷಯ ಟೀಚರೇ. ಎರಡೂ ಓಡಾಡ್ತವೆ, ಆದರೆ ಒಂದನ್ನು ಬಿಟ್ಟು ಒಂದು ಬರುವುದಿಲ್ಲ. ನಿಂತುಬಿಟ್ಟದ್ದು ಬಾಳಿಕೆ ಅಲ್ಲ. ದಿಕ್ಕು ಬದಲಾಗಬಾರದು ಅಷ್ಟೆ." ಆಮೇಲೆ ಗೆರೆಗಳ ಮೇಲೆ ಬೆರಳಿಟ್ಟು ತೋರಿಸಿದರು. ಕೆಳಗಿನಿಂದ ಮೊದಲನೆಯದಕ್ಕೆ ನಾಲ್ಕನೆಯದು ಜೋಡಿ, ಎರಡನೆಯದಕ್ಕೆ ಐದನೆಯದು, ಮೂರನೆಯದಕ್ಕೆ ಆರನೆಯದು. ಈ ಚಿತ್ರದಲ್ಲಿ ಮೂರು ಜೋಡಿಯೂ ಕೂಡಿಬಂದಿವೆ, ಒಂದು ಇಡಿಯಾದರೆ ಇನ್ನೊಂದು ಕಡಿದದ್ದು.

"ಇದರಲ್ಲಿ ನಾನು ಯಾವುದು?" ಎಂದರು ಲೀಲಕ್ಕ.

"ಕಡಿದ ಗೆರೆ ಹೆಣ್ಣು, ಇಡೀ ಗೆರೆ ಗಂಡು. ಐದನೆಯದು ನೀನು. ಎರಡನೆಯದು ನಾನು. ಎರಡೂ ತಮ್ಮ ಭಾಗದ ನಡುವಿನವು."

"ಮಾಗಿದ್ದು ಐದನೆಯದಲ್ಲವಾ?"

ಸಂಜೀವಣ್ಣ ಪುಸ್ತಕ ತೆರೆದರು. ತುಂಬ ಹೊತ್ತು ಓದಿದರು. ಬೇಕಾದರೆ ಏನನ್ನಾದರೂ ಹೇಳಿಬಿಡಬಹುದಿತ್ತು, ಆ ಇಂಗ್ಲಿಷು ಲೀಲಕ್ಕನಿಗೆ ಬರುತ್ತಿರಲಿಲ್ಲ. "ಒಂದನ್ನೇ ಹಿಡಿದುಕೊಂಡು ನಡೆಯುವುದು ಹೆಂಗಸಿಗೆ ಒಳ್ಳೆಯದು, ಗಂಡಸಿಗೆ ಕೆಟ್ಟದು ಅಂತ ಉಂಟು" ಎಂದರು.

"ಗಂಡಸಿಗೆ ಯಾಕೆ ಕೆಟ್ಟದು?"

"ಅವನು ಸಮಯ ನೋಡಿ ಅಲುಗಬೇಕಂತೆ. ಹಳೇ ಕಾಲದವರು ಬರೆದದ್ದು ಮಾರಾಯ್ತಿ."

"ಹಿಡಿದುಕೊಳ್ಳುವುದನ್ನು ನಾನು ಮಾಡಿ ಆಯಿತು. ನೀವು ಸಮುದ್ರದ ಮೇಲೆ ಅಲುಗಿದಿರಿ. ಇಲ್ಲಿಗೆ ಬಂದ ಮೇಲೆ ಆ ಕುರ್ಚಿಯಿಂದ ಅಲುಗಲಿಲ್ಲ. ನನ್ನ ಗೆರೆ ತಿರುಗಿದರೆ ಏನಾಗ್ತದೆ, ಅದನ್ನು ಹೇಳಿ."

ಅವರು ಹೊಸ ಚಿತ್ರ ಬರೆದರು. ಐದನೆಯ ಗೆರೆ ಇಡಿಯಾಯಿತು. ಈಗ ಎರಡನೆಯದೂ ಇಡಿ, ಐದನೆಯದೂ ಇಡಿ. ಆ ಜೋಡಿ ತಪ್ಪಿತು. ನಡುವೆ ನಾಲ್ಕು ಇಡೀ ಗೆರೆಗಳ ಭಾರ, ಎರಡು ತುದಿಯಲ್ಲೂ ಕಡಿದ ಗೆರೆ.

"ಮನೆಯ ಮಾಡಿನ ನಡುತೊಲೆ ಭಾರಕ್ಕೆ ಬಗ್ಗಿದೆ ಅಂತ ಇದರ ಅರ್ಥ" ಎಂದರು. ಪುಸ್ತಕ ಮುಚ್ಚಲು ಹೋದವರು ಮತ್ತೆ ತೆರೆದು ಹಿಂದಕ್ಕೂ ಮುಂದಕ್ಕೂ ತಿರುವಿದರು. "ಎರಡು ಚಿತ್ರದಲ್ಲೂ ಒಂದು ಮಾತು ಉಂಟು. ಹೋಗಲಿಕ್ಕೆ ಒಂದು ಜಾಗ ಇರುವುದು ಒಳ್ಳೆಯದು ಅಂತ." ಅವರ ಧ್ವನಿ ಸಣ್ಣದಾಗಿತ್ತು. "ನೀನು ಹೋಗು, ಲೀಲಾ."

ಲೀಲಕ್ಕ ಎದ್ದು ಚಾದ ಲೋಟಗಳನ್ನು ಒಳಗೆ ಒಯ್ದರು. ಅಡುಗೆಮನೆಯಲ್ಲಿ ಅವರು ಅತ್ತದ್ದು ನನಗೆ ಕೇಳಿಸಿತು, ಸಂಜೀವಣ್ಣನಿಗೂ ಕೇಳಿಸಿರಬೇಕು.

ಲೀಲಕ್ಕ ಹೋದ ಮೇಲೆ ಆ ಮನೆಯಲ್ಲಿ ಗೋಡೆಯ ಆಚೆ ಸಂಜೀವಣ್ಣ ಒಬ್ಬರು, ಈಚೆ ನಾನೊಬ್ಬಳು, ಎರಡು ಕಡೆಯೂ ಒಬ್ಬರಿಗಾಗುವಷ್ಟೇ ಅನ್ನ. ಒಂದು ಶನಿವಾರ ಇವರನ್ನು ಎದುರುಗೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದರೆ ಸಂಜೀವಣ್ಣ ಇಸ್ತ್ರಿಯ ಅಂಗಿ ತೊಟ್ಟು ಲಾಯಿಲದ ಕಡೆಗೆ ಹೋಗುವ ಬೆಳ್ತಂಗಡಿಯ ಬಸ್ಸಿಗೆ ಕಾಯುತ್ತಿದ್ದರು. ಕೈಯಲ್ಲಿ ಮಲ್ಲಿಗೆಯ ಪೊಟ್ಟಣ. ನನ್ನನ್ನು ಕಂಡು ನಾಚಿಕೊಂಡರು. ಆಮೇಲಿನ ಶನಿವಾರವೂ ಇದ್ದರು, ಅದರ ನಂತರವೂ ಇದ್ದರು. ಚಾವಡಿಗೆ ಬಂದವರು ಬೀಗ ನೋಡಿ ವಾಪಸಾಗತೊಡಗಿದರು. ಕೊನೆಗೆ ಒಮ್ಮೆ ಪೈಸೆಗಳನ್ನು ನನ್ನ ಕೈಗೆ ಹಾಕಿ, "ನನಗೀಗ ಪುರುಸೊತ್ತಿಲ್ಲ ಟೀಚರೇ, ಅವಳಿಗೆ ಲಾಯಿಲದಲ್ಲಿ ತೆಂಗಿನಕಾಯಿ ಸುಲಿದುಕೊಡಬೇಕು" ಎಂದರು. ಎಂಬತ್ತರ ದಶಕದಲ್ಲಿ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಅಷ್ಟರಲ್ಲಿ ಅವರು ತೋಡಾರಿಗೆ ಬರುವುದೇ ಅಪರೂಪವಾಗಿತ್ತು. ಈಗ ಅವರಿಬ್ಬರೂ ಇಲ್ಲ, ಆ ತಂಗಿಯೂ ಇಲ್ಲ.

ವರ್ಗವಾಗಿ ಬಂದ ದಿನ, ಇನ್ನು ಬಸ್ಸಿನ ಕಾಟ ಮುಗಿಯಿತು ಎಂದು ನಾವಿಬ್ಬರೂ ಎಷ್ಟು ಸಂಭ್ರಮಪಟ್ಟೆವು. ಮುಗಿದದ್ದು ನಿಜ. ಶನಿವಾರ ದಾರಿ ನೋಡುವುದೂ ಅದರ ಜೊತೆಗೇ ಮುಗಿಯಿತು. ಮೂರು ಪೈಸೆಗಳನ್ನು ಅಂಗೈಯಲ್ಲಿ ಕುಲುಕಿದೆ. ಎಸೆಯಲಿಲ್ಲ, ಡಬ್ಬಿಗೇ ಹಾಕಿದೆ. ಗುಂಡಿ ಹೊಲಿದು ಅಂಗಿ ಹಿಡಿದುಕೊಂಡು ಜಗಲಿಗೆ ಹೋದೆ.

"ನಾಳೆ ಲಾಯಿಲಕ್ಕೆ ಹೋಗಿ ಬರುವ" ಎಂದೆ.

ಇವರು ತಲೆಯೆತ್ತಿದರು. "ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ನನ್ನ ಮುಖವನ್ನೇ ನೋಡಿದರು. ಇವರು ಹಾಗೆ ನೋಡಿ ಬಹಳ ಕಾಲವಾಗಿತ್ತು. ಆಮೇಲೆ ಕೈ ಚಾಚಿ ರೇಡಿಯೋ ನಿಲ್ಲಿಸಿದರು.

"ಬಸ್ಸು ಎಷ್ಟು ಗಂಟೆಗೆ ಉಂಟು?" ಎಂದು ಕೇಳಿದರು.