ಅಪ್ಪ ಅಮ್ಮನ ಫೋಟೊಗಳನ್ನು ಮೂವರು ಹಂಚಿಕೊಂಡದ್ದು

ಹಳೆಯ ಬಿಸ್ಕತ್ತಿನ ಡಬ್ಬದ ಮುಚ್ಚಳ ಎಬ್ಬಿಸಿದ್ದೇ ತಡ, ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಆಲ್ಬಮ್ಮಿನ ಅಂಟಿನ ಹುಳಿ ವಾಸನೆ ಮೂಗಿಗೆ ಬಂತು. ಯಲಹಂಕದ ನನ್ನ ಫ್ಲಾಟಿನ ನೆಲದ ಮೇಲೆ ಕೂತಿದ್ದವಳು ಜಕ್ಕೂರಿನ ನಮ್ಮ ಹೆಂಚಿನ ಮನೆಯ ಜಗಲಿಗೆ ಹೋಗಿಬಿಟ್ಟೆ. ತಲೆಯ ಮೇಲೆ ಸಣ್ಣ ವಿಮಾನ ಗುರ್ರೆನ್ನುತ್ತಾ ಹೋಗುತ್ತಿತ್ತು, ಒಳಗೆ ಅಮ್ಮ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ಕಾರ್ಖಾನೆಯಿಂದ ಬಂದ ಅಪ್ಪ ಕ್ಯಾಮೆರಾದ ಗಾಜನ್ನು ಪಂಚೆಯ ತುದಿಯಿಂದ ಒರೆಸುತ್ತಾ ಕೂತಿದ್ದರು. ಆ ಮನೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟಿದೆ. ಅಪ್ಪ ಮೊದಲು ಹೋದರು, ಹೋದ ವರ್ಷ ಅಮ್ಮನೂ ಹೋದಳು. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬ ಇದ್ದೀತು. ಅದನ್ನು ತೆರೆಯಲು ಎಷ್ಟು ಧೈರ್ಯ ಬೇಕೆಂದು ನಿಮಗೆ ಗೊತ್ತು.

ನಾವು ಮೂವರು ಮಕ್ಕಳು. ನಾನು ದೊಡ್ಡವಳು, ತಮ್ಮ ಸುರೇಶ ದಾಸರಹಳ್ಳಿಯಲ್ಲಿದ್ದಾನೆ, ಕೊನೆಯವಳು ಮಂಜುಳ ಮತ್ತಿಕೆರೆಯಲ್ಲಿ. ಅವಳು ನಮಗೆ ಮಂಜಿ. ಮೂವತ್ತು ವರ್ಷ ಪಾಠ ಮಾಡಿದ ನಾಲಿಗೆ ಸುಮ್ಮನಿರುತ್ತದೆಯೇ? ನಮ್ಮ ಮೂವರ ಗ್ರೂಪಿನಲ್ಲಿ ಇಬ್ಬರಿಗೂ ಉದ್ದನೆಯ ಮೆಸೇಜು ಬರೆದೆ. "ಎಲ್ಲವೂ ಸ್ಕ್ಯಾನ್ ಆಗುವವರೆಗೆ ಯಾರೂ ಒಂದು ಫೋಟೊವನ್ನೂ ಒಯ್ಯುವುದು ಬೇಡ. ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಮೆಲ್ಲಗೆ ನಂಬರು ಹಾಕುತ್ತೇನೆ, ಬಾಲ್‌ಪೆನ್ ಒತ್ತಿದರೆ ಮುಂದಕ್ಕೆ ಮೂಡುತ್ತದೆ. ಅಂಟಿಗೆ ಕಚ್ಚಿಕೊಂಡಿರುವುದನ್ನು ಕೀಳದೆ ಹಾಳೆ ಸಮೇತ ಸ್ಕ್ಯಾನ್ ಮಾಡೋಣ. ಆರುನೂರು ಡಿಪಿಐ ಇರಲಿ, ಮುಂದೆ ದೊಡ್ಡ ಪ್ರಿಂಟ್ ಹಾಕಿಸಬಹುದು. ಬಿಡಿ ಫೋಟೊಗಳ ಹಿಂಬದಿಯೂ ಬೇಕು, ಅಪ್ಪನ ಕೈಬರಹ ಇದೆ. ನೆಗೆಟಿವ್‌ಗಳನ್ನು ಅಂಚಿನಲ್ಲಷ್ಟೇ ಹಿಡಿಯಬೇಕು, ಅವನ್ನು ಸ್ಟುಡಿಯೋಗೆ ಕೊಡೋಣ. ಈ ಗ್ರೂಪಿಗೆ ಹಾಕಿದರೆ ಫೋಟೊ ಕುಗ್ಗಿ ಮಸುಕಾಗುತ್ತದೆ, ಅದಕ್ಕೆ ಡ್ರೈವ್‌ನಲ್ಲಿ ಒಂದು ಫೋಲ್ಡರು, ಮೂರು ಮನೆಗೂ ಒಂದೊಂದು ಹಾರ್ಡ್ ಡಿಸ್ಕ್. ಸ್ಕ್ಯಾನ್ ಆದದ್ದು ಎಲ್ಲರಿಗೂ ಎಲ್ಲವೂ. ಮೂಲ ಫೋಟೊ ಮಾತ್ರ ಅದರಲ್ಲಿ ಯಾರಿದ್ದಾರೋ ಅವರಿಗೆ." ಕಳಿಸಿ, ಇದಕ್ಕಿಂತ ನ್ಯಾಯ ಇನ್ನೇನಿದೆ ಎಂದು ಬೀಗಿದೆ.

ಸುರೇಶ ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಕಳಿಸಿದ. ಮಂಜಿ ಮಾತ್ರ, "ಹಂಗಾದ್ರೆ ನಂಗೆಷ್ಟು ಬರುತ್ತಕ್ಕ? ಎಣಿಸಿ ಹೇಳು" ಎಂದು ಬರೆದಳು. ಎಣಿಸಿದೆ. ಡಬ್ಬ ತುಂಬ ಫೋಟೊ, ಅವಳಿದ್ದದ್ದು ಹನ್ನೊಂದರಲ್ಲಿ. ಮೊದಲ ಮಗು ಅಂತ ನನ್ನನ್ನು ಸ್ಟುಡಿಯೋದಲ್ಲಿ ಕೂರಿಸಿ ತೆಗೆಸಿದ್ದರು, ಗಂಡು ಅಂತ ಸುರೇಶನದು ಒಂದು ಆಲ್ಬಮ್ಮೇ ಇತ್ತು. "ಹನ್ನೊಂದು" ಎಂದಷ್ಟೇ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಸುರೇಶ ಫೋನ್ ಮಾಡಿದ. "ಅವಳು ಅತ್ಲು ಕಣಕ್ಕ. ಫೋಟೊ ಬೇಡ್ವಂತೆ, ನೀವಿಬ್ರೇ ಹಂಚ್ಕೊಳ್ಳಿ ಅಂದ್ಲು." ಅಪ್ಪ ಅಮ್ಮ ಇಲ್ಲದ ಮೇಲೆ ನಮಗೆ ಉಳಿದಿರುವುದು ನಾವು ಮೂವರೇ. ಅವಳನ್ನೂ ಕಳೆದುಕೊಂಡರೆ ಆ ಡಬ್ಬ ಕಟ್ಟಿಕೊಂಡು ಏನು ಮಾಡಲಿ?

ಬೇಸರದಲ್ಲೇ ಸ್ಕ್ಯಾನಿಂಗ್ ಮುಂದುವರಿಸಿದೆ. ಎಣಿಸುವಾಗ ಮುಂಬದಿಯನ್ನಷ್ಟೇ ನೋಡಿದ್ದೆ, ಹಿಂಬದಿಯಲ್ಲಿ ಅಪ್ಪ ಬರೆದದ್ದು ಬರೀ ತಾರೀಕು ಅಂದುಕೊಂಡು ಓದಿರಲಿಲ್ಲ. ಈಗ ಒಂದೊಂದೇ ಮಗುಚಿ ಗಾಜಿನ ಮೇಲಿಡುತ್ತಿದ್ದಾಗ ಅಪ್ಪನ ಗುಂಡು ಅಕ್ಷರ ಕಂಡಿತು: "ಚಿ. ಮಂಜುಳ ತೆಗೆದದ್ದು". ಇನ್ನೊಂದು ಮಗುಚಿದೆ, ಅದರಲ್ಲೂ ಅದೇ. ಮತ್ತೊಂದರಲ್ಲೂ. ಆಗ ನೆನಪಾಯಿತು. ಕ್ಯಾಮೆರಾ ಮುಟ್ಟಿದರೆ ನಮ್ಮಿಬ್ಬರಿಗೂ ಬೆನ್ನಿಗೆ ಬೀಳುತ್ತಿತ್ತು. ಹತ್ತು ವರ್ಷದ ಮಂಜಿಯ ಕೊರಳಿಗೆ ಮಾತ್ರ ಅಪ್ಪನೇ ಅದರ ಪಟ್ಟಿ ಹಾಕಿ, "ಇವಳ ಕೈ ಅಳ್ಳಾಡಲ್ಲ ನೋಡು" ಅಂದಿದ್ದರು. ಸ್ಟುಡಿಯೋ ಫೋಟೊಗಳಲ್ಲಿ ಕಂಬದ ಹಾಗೆ ನಿಂತಿರುವ ಅಪ್ಪ ಅವಳು ತೆಗೆದವುಗಳಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಾರೆ. ಅವಳಿಲ್ಲದ ಫೋಟೊಗಳೆಂದು ನಾನು ಪಕ್ಕಕ್ಕಿಟ್ಟಿದ್ದವು ಇವೇ. ದೀಪದ ಬುಡ ಕತ್ತಲು ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಆ ಹಿಂಬದಿಗಳನ್ನೆಲ್ಲ ಫೋಲ್ಡರಿಗೆ ಹಾಕಿ ಇನ್ನೊಂದು ಮೆಸೇಜು ಬರೆದೆ. "ನನ್ನ ಕೊನೆಯ ಸಾಲು ತಪ್ಪು. ಕ್ಷಮಿಸು ಮಂಜಿ. ಮೂಲ ಫೋಟೊಗಳನ್ನು ನೆಲದ ಮೇಲೆ ಹರಡೋಣ, ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳೋಣ. ಮೊದಲು ಮಂಜಿ, ಆಮೇಲೆ ಸುರೇಶ, ಆಮೇಲೆ ನಾನು. ಮುಂದಿನ ಸುತ್ತು ನನ್ನಿಂದ ಹಿಂದಕ್ಕೆ. ಯಾರಿದ್ದಾರೆ ಅನ್ನುವ ಲೆಕ್ಕವೇ ಬೇಡ." ಸಂಜೆಯ ಹೊತ್ತಿಗೆ ಉತ್ತರ ಬಂತು: "ಭಾನುವಾರ ಬರ್ತೀನಕ್ಕ."

ಬಂದಳು. ಬಾಗಿಲಲ್ಲೇ ತಬ್ಬಿಕೊಂಡೆ, ಇಬ್ಬರೂ ಸ್ವಲ್ಪ ಅತ್ತೆವು, ಸುರೇಶ ಎಂದಿನಂತೆ ಕಾಫಿ ಕೇಳಿದ. ಮೊದಲ ಸರದಿಯಲ್ಲಿ ಮಂಜಿ ಎತ್ತಿಕೊಂಡದ್ದು ಕೆರೆ ಏರಿಯ ಮೇಲಿನ ಫೋಟೊ. ಅಮ್ಮ ನಡುವೆ, ನಾನೂ ಸುರೇಶನೂ ಅಕ್ಕಪಕ್ಕ. ಅಮ್ಮ ಬಾಯಿ ತುಂಬ ನಗುತ್ತಿದ್ದಾಳೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆವು.

"ಅಮ್ಮ ಇದ್ರಲ್ಲಿ ನಗ್ತಿಲ್ಲ ಕಣಕ್ಕ," ಎಂದಳು ಮಂಜಿ, "ನನ್ನ ಕರೀತಿದಾಳೆ. 'ಇಂಗ್ ಬಾರೇ ಮಂಜಿ, ನೀನಿಲ್ದೆ ಅದೆಂಥ ಫೋಟ' ಅಂತಿದ್ಲು. ಅಷ್ಟ್ರಲ್ಲಿ ನಾನು ಒತ್ತಿಬಿಟ್ಟೆ."

ನಾನೂ ಸುರೇಶನೂ ಬಗ್ಗಿ ನೋಡಿದೆವು. ಅಮ್ಮ ನಮ್ಮಿಬ್ಬರ ಹೆಗಲು ಬಿಟ್ಟು ಎರಡು ಕೈಯನ್ನೂ ಮುಂದಕ್ಕೆ ಚಾಚಿದ್ದಳು.