ಇಪ್ಪತ್ತು ಬಯೋಡಾಟಾ, ಒಂದು ಕೊನೆಯ ದಿನಾಂಕ

ಆ ಮಂಗಳವಾರದ ಪುಟದಲ್ಲಿ ನಾನು ಬರೆದುಕೊಂಡಿರುವುದು ಇಷ್ಟು: ಬಿಡ್ ನಾಲ್ಕು, ಪ್ರತಿಯೊಂದರಲ್ಲಿ ಹುದ್ದೆ ಐದು, ಬಯೋಡಾಟಾ ಇಪ್ಪತ್ತು, ಮುಗಿದದ್ದು ಇಪ್ಪತ್ತು.

ಹೆಬ್ಬಾಳದಾಚೆಯ ಬಡಾವಣೆಗಳಿಗೆ ಕುಡಿಯುವ ನೀರಿನ ಪೈಪು ಹಾಕುವ ಟೆಂಡರ್ ಅದು. ನಾನು ಗುತ್ತಿಗೆಯ ಮೇಲೆ ಆ ಕಚೇರಿಗೆ ಸೇರಿ ಐದು ತಿಂಗಳಾಗಿತ್ತು. ಕೆಲಸ ಸಿಕ್ಕರೆ ಯಾರು ಯಾರನ್ನು ನೇಮಿಸುತ್ತೇವೆಂದು ಪ್ರತಿ ಕಂಪನಿಯೂ ಐವರ ಬಯೋಡಾಟಾ ಕೊಟ್ಟಿತ್ತು. ಅವರ ಪದವಿ, ಹುಟ್ಟಿದ ದಿನ, ಒಟ್ಟು ಅನುಭವ, ಪೈಪ್‌ಲೈನ್ ಕೆಲಸದ ಅನುಭವ ಇವನ್ನು ಹೆಕ್ಕಿ, ಟೆಂಡರ್ ಕೇಳಿದ ಅರ್ಹತೆಯ ಪಕ್ಕದಲ್ಲಿಟ್ಟು ಟೇಬಲ್ ಮಾಡುವುದು ನನ್ನ ಕೆಲಸ. ಕೊನೆಯ ಕಾಲಂನಲ್ಲಿ ‘ಇದೆ’ ಅಥವಾ ‘ಇಲ್ಲ’. ಐವರಲ್ಲಿ ಒಬ್ಬರಿಗೆ ‘ಇಲ್ಲ’ ಬಂದರೂ ಆ ಕಂಪನಿ ಹೊರಗೆ. ಅದರ ದರದ ಬಿಡ್ ತೆರೆಯುವುದೇ ಇಲ್ಲ.

ಬಂದದ್ದು ಒಂದೇ ‘ಇಲ್ಲ’. ಮೂರನೆಯ ಕಂಪನಿಯ ಗುಣಮಟ್ಟ ಪರಿಶೀಲನೆಯ ಎಂಜಿನಿಯರ್ ತಮಗೆ ಎಂಟು ವರ್ಷ ಏಳು ತಿಂಗಳ ಅನುಭವವಿದೆ ಎಂದು ಬರೆದಿದ್ದರು. ಬೇಕಾದದ್ದು ಎಂಟು. ಆದರೆ ಏಳು ತಿಂಗಳು ಅವರು ಏಕಕಾಲಕ್ಕೆ ಎರಡು ಕಾಮಗಾರಿಗಳಲ್ಲಿದ್ದು, ಅದನ್ನು ಎರಡು ಸಲ ಎಣಿಸಿದ್ದರು. ತಿಂಗಳು ತಿಂಗಳಾಗಿ ಬಿಡಿಸಿ, ಬಿಡ್ ಸಲ್ಲಿಸುವ ಕೊನೆಯ ದಿನಾಂಕದವರೆಗೆ ಮಾತ್ರ ಎಣಿಸಿದಾಗ ಉಳಿದದ್ದು ಏಳು ವರ್ಷ ಹನ್ನೊಂದು ತಿಂಗಳು.

ಸಮಿತಿಗೆ ಕಡತ ಕಳಿಸುವ ನಮ್ಮ ಹಿರಿಯ ಎಂಜಿನಿಯರ್ ಕೇಳಿದರು. “ಎರಡು ಸಲ ನೋಡಿದ್ದೀಯೇನಮ್ಮ?”

“ಮೂರು ಸಲ ಸರ್.”

“ಬುಡು, ಅದನ್ನೂ ಡೈರೀಲಿ ಬರ್ಕೊಂಡಿರ್ತೀಯ!” ನಗುತ್ತಲೇ ಸಹಿ ಹಾಕಿದರು.

ಸಂಜೆ ಶ್ರೀರಾಂಪುರದ ಬಸ್ಸಿನಲ್ಲಿ ನಿಂತೇ ಡೈರಿ ತೆರೆದೆ. ಬಯೋಡಾಟಾಗಳಿಗೆ ಸಹಿ ಹಾಕಿದ ದಿನಾಂಕಗಳನ್ನು ಬರೆದುಕೊಂಡಿದ್ದೆ. ಮೂರನೆಯ ಕಂಪನಿಯವರದು ಜುಲೈ ಇಪ್ಪತ್ತೆರಡು. ಟೇಬಲಿನ ತಲೆಯಲ್ಲಿ ನಾನು ಹಾಕಿದ್ದ, ಬಿಡ್ ಸಲ್ಲಿಸುವ ಕೊನೆಯ ದಿನಾಂಕ ಜೂನ್ ಹತ್ತು. ಕೊನೆಯ ದಿನ ಕಳೆದ ಮೇಲೆ ಸಹಿ ಮಾಡಿದ ಕಾಗದ ಬಿಡ್‌ನೊಳಗೆ ಹೇಗೆ ಬಂತು?

ತಿದ್ದುಪಡಿ. ಟೆಂಡರಿಗೆ ಎರಡು ತಿದ್ದುಪಡಿಗಳು ಬಂದಿದ್ದವು, ನಾನು ಮೂಲ ದಾಖಲೆಯನ್ನಷ್ಟೇ ಓದಿದ್ದೆ. ಅನುಭವ, ವಯಸ್ಸು ಎಲ್ಲವನ್ನೂ ಕೊನೆಯ ದಿನಾಂಕಕ್ಕೆ ಎಣಿಸಬೇಕು. ಆ ದಿನಾಂಕವೇ ತಪ್ಪಾಗಿದ್ದರೆ ಒಂದು ಇಡೀ ಕಂಪನಿಯನ್ನು ನಾನು ಸುಮ್ಮನೆ ಹೊರಗಟ್ಟಿದ್ದೆ.

ಇಳಿಯುವ ಸ್ಟಾಪ್ ದಾಟಿಹೋಯಿತು. ಮನೆಯಲ್ಲಿ ತಟ್ಟೆಯ ಮುಂದೆ ಬೆರಳು ಮಡಚುತ್ತ ಕೂತೆ.

“ಅನ್ನ ಆರ್ತಾ ಇದೆ ಕಣೇ. ತುತ್ತು ಎಷ್ಟು ಅಂತ ಎಣಿಸ್ತಿದ್ದೀಯ?” ಎಂದರು ಅಮ್ಮ. ನಾನು ಎಣಿಸುತ್ತಿದ್ದದ್ದು ತಿಂಗಳು.

ಬುಧವಾರ ಎಂಟೂವರೆಗೆ ಕಚೇರಿಯಲ್ಲಿದ್ದೆ. ಮೊದಲ ತಿದ್ದುಪಡಿ ಪೈಪಿನ ವ್ಯಾಸದ್ದು. ಎರಡನೆಯದರಲ್ಲಿ ಒಂದೇ ಸಾಲು: ಕೊನೆಯ ದಿನಾಂಕ ಜುಲೈ ಇಪ್ಪತ್ತೈದು. ಹಿರಿಯರು ಒಂಬತ್ತೂವರೆಗೆ ಬಂದರು.

“ಸಹಿ ಹಾಕ್ಬುಟ್ಟಿದೀನಲ್ಲಮ್ಮ! ಹನ್ನೊಂದಕ್ಕೆ ಸಮಿತಿ ಕಣಮ್ಮ, ಈಗ ಹೇಳ್ತೀಯಲ್ಲ.”

“ತಪ್ಪು ನಂದೇ ಸರ್.”

“ನಿಂದೇ, ಸರಿ. ಸಹಿ ನಂದಲ್ವಾ?” ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. “ತಿದ್ದು, ನೋಡೋಣ.”

ಎಕ್ಸೆಲ್‌ನಲ್ಲಿ ದಿನಾಂಕವಿದ್ದದ್ದು ಒಂದೇ ಚೌಕದಲ್ಲಿ. ಬದಲಾಯಿಸಿದೆ. ಮೂರನೆಯ ಕಂಪನಿಯ ಎಂಜಿನಿಯರ್ ಜುಲೈಯಲ್ಲೂ ಅದೇ ಕೆಲಸದಲ್ಲಿದ್ದರು. ಅವರ ಸಹಿಯ ದಿನದವರೆಗೆ ಎಣಿಸಿದರೆ ಎಂಟು ವರ್ಷ ಹನ್ನೆರಡು ದಿನ. ‘ಇದೆ’.

ಉಸಿರು ಬಿಟ್ಟೆ. ಹಿರಿಯರು ಪರದೆಯ ಮೇಲ್ಭಾಗವನ್ನು ನೋಡುತ್ತಿದ್ದರು.

“ಆ ಸಾಲು ಅದ್ಯಾಕಮ್ಮ ಕೆಂಪಗಾಯ್ತು?”

ಮೊದಲನೆಯ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಸಾಲು, ‘ಇಲ್ಲ’. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಮೂವತ್ತೇಳು ವರ್ಷದ ಅನುಭವ. ಇಡೀ ಇಪ್ಪತ್ತರಲ್ಲಿ ನನಗೆ ತುಂಬ ಹಿಡಿಸಿದ್ದ ಬಯೋಡಾಟಾ ಅವರದು. ಪ್ರತಿ ಕಾಮಗಾರಿಗೂ ಪ್ರಮಾಣಪತ್ರ, ಪ್ರತಿ ಪುಟಕ್ಕೂ ಸಹಿ. ವಯಸ್ಸು ಅರವತ್ತೈದು ಮೀರಿರಬಾರದು ಎಂದಿತ್ತು ಟೆಂಡರ್. ಜೂನ್ ಹತ್ತಕ್ಕೆ ಮೀರಿರಲಿಲ್ಲ. ಹುಟ್ಟಿದ್ದು ಜುಲೈ ಎರಡು; ಜುಲೈ ಇಪ್ಪತ್ತೈದಕ್ಕೆ ಅರವತ್ತೈದು ತುಂಬಿ ಇಪ್ಪತ್ತಮೂರು ದಿನ.

“ನೀನು ಸುಮ್ನಿದ್ದಿದ್ರೆ ಇವರು ಉಳೀತಿದ್ರು.”

“ಆಗ ಇನ್ನೊಬ್ರು ಹೋಗ್ತಿದ್ರು ಸರ್.”

“ಅದೂ ಹೌದು ಅನ್ನು.” ಪರದೆಯ ಮೇಲಿನ ಕೆಂಪು ಸಾಲಿಗೆ ಬೆರಳಿಟ್ಟರು. ಆಮೇಲೆ, “ಬದಲಿ ಹೆಸರು ಕೊಡೋಕೆ ಅವಕಾಶ ಇದೆಯಾ, ನೋಡು” ಎಂದರು. ಷರತ್ತುಗಳನ್ನು ಓದಿದೆ. ಆ ಟೆಂಡರಿನಲ್ಲಿ ಇರಲಿಲ್ಲ. ತಿದ್ದುಪಡಿಗಳಲ್ಲೂ ಇರಲಿಲ್ಲ.

ಹಳೆಯ ಹಾಳೆಗೆ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದರು, ಹರಿಯಲಿಲ್ಲ. ಅದು ಕಡತದಲ್ಲೇ ಇರಬೇಕಂತೆ. ಹೊಸದಕ್ಕೆ ಸಹಿ ಹಾಕುವ ಮೊದಲು ಇಪ್ಪತ್ತೂ ಸಾಲುಗಳನ್ನು ನನ್ನಿಂದ ಜೋರಾಗಿ ಓದಿಸಿದರು. ಹತ್ತು ಐವತ್ತಕ್ಕೆ ಕಡತ ಹಿಡಿದು ಮಹಡಿ ಹತ್ತಿದರು.

ನಾನು ಕೂರಲಾಗದೆ, ಹುಟ್ಟಿದ ದಿನಕ್ಕೆ ಪುರಾವೆಯಾಗಿ ಆ ಮ್ಯಾನೇಜರ್ ಲಗತ್ತಿಸಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತೆರೆದೆ. ಮಸುಕಾದ ಹಳೆಯ ಅಚ್ಚು. ಜುಲೈಯನ್ನು ನಾನೇ ತಪ್ಪಾಗಿ ಓದಿರಬಹುದು, ಆಗಸ್ಟ್ ಇರಬಹುದು ಎಂದು ಪರದೆಯ ಮೇಲೆ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ.

ಜುಲೈ ಎರಡೇ ಇತ್ತು.